ಜಾಹೀರಾತಿನ ರೋಟವೇಟರ್‌ಗೆ ಶಾಫ್ಟೇ ಇಲ್ಲ

ಅಮೆರಿಕದ ಅಯೋವಾದಲ್ಲಿ ನಮ್ಮ ಊರಿನ ಬಿಡಿಭಾಗದ ಅಂಗಡಿಯಲ್ಲಿ ಕಾಯುತ್ತಾ ಕೂತಿದ್ದೆ. ಪಕ್ಕದಲ್ಲಿ ಕೂತಿದ್ದ ವಯಸ್ಸಾದ ರೈತರೊಬ್ಬರು ಕೃಷಿ ಪತ್ರಿಕೆ ತಿರುವುತ್ತಿದ್ದರು. ಒಂದು ಪುಟದಲ್ಲಿ ನಿಂತರು. ಅಗಲವಾದ ಕಲ್ಟಿವೇಟರ್ ಎಳೆಯುತ್ತಿರುವ ಟ್ರ್ಯಾಕ್ಟರ್ ಜಾಹೀರಾತು ಅದು. ಚಿತ್ರದ ಮೇಲೆ ಬೆರಳಿಟ್ಟು, "ಜಾಕ್ ಇನ್ನೂ ಕೆಳಗೇ ಇದೆ ನೋಡು, ಇವರು ಇದನ್ನ ಹೊಲದಲ್ಲಿ ಓಡಿಸಿಲ್ಲ" ಅಂದರು. ಪುಟ ತಿರುಗಿಸಿಬಿಟ್ಟರು. ಆ ಕಂಪನಿ ಅವರ ಮಟ್ಟಿಗೆ ಅಲ್ಲಿಗೇ ಮುಗಿಯಿತು.

ಅವರು ಹೇಳಿದ್ದು ಸರಿ. ಎಳೆಯುವ ಉಪಕರಣವನ್ನು ಬಿಚ್ಚಿ ನಿಲ್ಲಿಸಿದಾಗ ಅದರ ಮೂತಿ ನೆಲಕ್ಕೆ ಬೀಳದಂತೆ ಒಂದು ಜಾಕ್ ಹಿಡಿದುಕೊಂಡಿರುತ್ತದೆ. ಟ್ರ್ಯಾಕ್ಟರಿಗೆ ಜೋಡಿಸಿ, ಪಿನ್ನು ಹಾಕಿ, ಪಿನ್ನಿಗೆ ಕ್ಲಿಪ್ ಹಾಕಿದ ಮೇಲೆ ಆ ಜಾಕನ್ನು ಮೇಲಕ್ಕೆತ್ತಿ ಮಡಚಿಡಬೇಕು. ಇಲ್ಲದಿದ್ದರೆ ಹೊಲದಲ್ಲಿ ಹತ್ತು ಅಡಿ ಹೋಗುವಷ್ಟರಲ್ಲಿ ಅದು ಮಣ್ಣಿಗೆ ಸಿಕ್ಕಿ ಬಾಗುತ್ತದೆ. ಸೇಫ್ಟಿ ಚೈನ್, ಹೈಡ್ರಾಲಿಕ್ ಪೈಪು, ಎಲ್ಲವನ್ನೂ ಇಲ್ಲಿಯ ರೈತರು ಹೀಗೇ ನೋಡುತ್ತಾರೆ. ಚೈನ್ ಸಿಕ್ಕಿಸಿದ್ದಾರಾ? ತಿರುಗುವಾಗ ಪೈಪು ಎಳೆದುಕೊಳ್ಳದಷ್ಟು ಸಡಿಲ ಇದೆಯಾ, ನೆಲಕ್ಕೆ ತಾಗುತ್ತಿದೆಯಾ?

ಅದೇ ವಾರ ಹಾವೇರಿ ಜಿಲ್ಲೆಯಿಂದ ನನ್ನ ಅಕ್ಕನ ಮಗ ಒಂದು ಕರಪತ್ರದ ಫೋಟೋ ಕಳಿಸಿದ. "ಮಾಮಾ, ಇದನ್ನ ತಗೋಬೇಕಂತ ಮಾಡೇನಿ." ಮಿಂಚುವ ಟ್ರ್ಯಾಕ್ಟರು. ಹಿಂದೆ ತಿರುಗುವ ಬ್ಲೇಡುಗಳಿಂದ ಮಣ್ಣು ಪುಡಿ ಮಾಡುವ ರೋಟವೇಟರ್. ಸುತ್ತ ಮೊಣಕಾಲೆತ್ತರದ ಹಸಿರು ಪೈರು. ಬಿಳಿ ಅಂಗಿ ತೊಟ್ಟವನೊಬ್ಬ ಸ್ಟೇರಿಂಗ್ ಹಿಡಿದು ನಗುತ್ತಿದ್ದಾನೆ. ದೊಡ್ಡದು ಮಾಡಿ ನೋಡಿದೆ. ಎಂಜಿನಿನ ಬಲವನ್ನು ಹಿಂದಿನ ಉಪಕರಣಕ್ಕೆ ಕೊಡುವ ಪಿಟಿಓದಿಂದ ರೋಟವೇಟರಿನ ಗೇರ್‌ಬಾಕ್ಸಿಗೆ ಹೋಗಬೇಕಾದ ಶಾಫ್ಟೇ ಇಲ್ಲ! ಉಪಕರಣದ ಮೇಲ್ಭಾಗವನ್ನು ಟ್ರ್ಯಾಕ್ಟರಿಗೆ ಹಿಡಿದಿಡಬೇಕಾದ ಟಾಪ್ ಲಿಂಕ್ ಕೊಂಡಿಗೆ ಸಿಕ್ಕಿಸಿಕೊಂಡು ಸುಮ್ನೆ ನೇತಾಡುತ್ತಿದೆ. ರೋಟವೇಟರ್ ಕೆಳಗಿನ ಎರಡು ಲಿಂಕಿನ ಮೇಲೆ ಮಾತ್ರ ನಿಂತಿದೆ. ಹಾಗೆ ಎತ್ತಿದರೆ ಅದು ಹಿಂದಕ್ಕೆ ಮಗುಚುತ್ತದೆ. ಇನ್ನು ಬೆಳೆದು ನಿಂತ ಪೈರಿನ ನಡುವೆ ಯಾರು ರೋಟವೇಟರ್ ಹೊಡೆಯುತ್ತಾರೆ?

ನನಗೆ ನಿಜಕ್ಕೂ ಸಿಟ್ಟು ಬಂತು. ಲಕ್ಷಗಟ್ಟಲೆ ಸಾಲ ಮಾಡಿ ಕೊಳ್ಳುವ ಯಂತ್ರ. ಅದನ್ನು ಹೇಗೆ ಜೋಡಿಸಬೇಕು ಅಂತ ತೋರಿಸುವಷ್ಟು ಮರ್ಯಾದೆಯನ್ನೂ ನಮ್ಮ ರೈತನಿಗೆ ಕೊಡುವುದಿಲ್ಲ ಅಂದರೆ ಹೇಗೆ? ಊರಿನ ಗೋಡೆ, ಬಸ್‌ಸ್ಟ್ಯಾಂಡ್, ಕ್ಯಾಲೆಂಡರ್, ಎಲ್ಲಾ ಕಡೆ ಇದೇ ಕತೆ. ತೊಳೆದು ನಿಲ್ಲಿಸಿದ ಟ್ರ್ಯಾಕ್ಟರ್, ಟೈರಿಗೆ ಕಪ್ಪು ಪಾಲಿಶ್, ನೆಲದಿಂದ ಅರ್ಧ ಅಡಿ ಮೇಲೆ ತೇಲುವ ಕಲ್ಟಿವೇಟರ್.

ಇಲ್ಲಿ ಹಾಗಲ್ಲ. ಇಲ್ಲಿಯ ಜಾಹೀರಾತಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ನೆಲದ ಬಣ್ಣ. ಉತ್ತ ಪಟ್ಟಿ ಗಾಢವಾಗಿರುತ್ತದೆ, ಉಳದ ಕಡೆ ತಿಳಿಯಾಗಿರುತ್ತದೆ, ಯಾಕಂದರೆ ಒಳಗಿನ ಹಸಿ ಮಣ್ಣು ಮೇಲೆ ಬಂದಿರುತ್ತದೆ. ಎರಡರ ನಡುವಿನ ಗೆರೆ ಉಪಕರಣದ ಅಂಚಿಗೇ ಸರಿಯಾಗಿ ಕೂತಿರುತ್ತದೆ. ಧೂಳೂ ಹಾಗೆ, ಉಪಕರಣದ ಪೂರ್ತಿ ಅಗಲಕ್ಕೆ ಎದ್ದು ಗಾಳಿ ಬೀಸುವ ಕಡೆಗೆ ವಾಲುತ್ತದೆ. ಹಿಂದಿನ ಟೈರುಗಳಿಂದ ಮಾತ್ರ ಧೂಳು ಏಳುತ್ತಿದ್ದರೆ ಉಪಕರಣ ಮಣ್ಣಿಗೇ ಇಳಿದಿಲ್ಲ ಅಂತ ಅರ್ಥ. ನಮ್ಮ ಕಡೆಯ ವಿಡಿಯೋಗಳಲ್ಲಿ ಇದನ್ನು ಹುಡುಕಿ ನೋಡಿ, ಬೇಗ ಸಿಗುತ್ತದೆ.

ಇಲ್ಲಿಯವರು ಇಷ್ಟು ಜಾಗ್ರತೆ ಮಾಡುವುದಕ್ಕೆ ಕಾರಣ ನೋಡುವವರು. ಫಾರ್ಮ್ ಪ್ರೋಗ್ರೆಸ್ ಶೋ ಅಂತ ದೊಡ್ಡ ಕೃಷಿ ಮೇಳ ನಡೆಯುತ್ತದೆ. ಸಮ ವರ್ಷಗಳಲ್ಲಿ ಅಯೋವಾದ ಬೂನ್‌ನಲ್ಲಿ, ಬೆಸ ವರ್ಷಗಳಲ್ಲಿ ಇಲಿನಾಯ್‌ನ ಡೆಕೇಟರ್‌ನಲ್ಲಿ. ಅಲ್ಲಿ ಗೋವಿನಜೋಳದ ಹೊಲದಲ್ಲೇ ಯಂತ್ರ ಓಡಿಸಿ ತೋರಿಸುತ್ತಾರೆ. ಯಂತ್ರ ಮುಂದೆ ಹೋದ ತಕ್ಷಣ ಜನ ಸಾಲಿಗೆ ಇಳಿದು, ಕುಕ್ಕರಗಾಲಲ್ಲಿ ಕೂತು, ಮಣ್ಣು ಕೆದಕಿ ಆಳ ನೋಡುತ್ತಾರೆ. ಇಂಥವರ ಮುಂದೆ ಜಾಕ್ ಇಳಿಬಿಟ್ಟ ಫೋಟೋ ಇಟ್ಟರೆ ನಡೆಯುತ್ತದಾ? ಅಷ್ಟೇ ಯಾಕೆ, ಇವತ್ತು ಬಹುತೇಕ ಎಲ್ಲಾ ಟ್ರ್ಯಾಕ್ಟರಿಗೂ ಇರುವ ಮೂರು ಲಿಂಕಿನ ಜೋಡಣೆಯನ್ನು ಹ್ಯಾರಿ ಫರ್ಗ್ಯೂಸನ್ ಮತ್ತು ಹೆನ್ರಿ ಫೋರ್ಡ್ 1939ರಲ್ಲಿ ಡಿಯರ್‌ಬಾರ್ನ್‌ನಲ್ಲಿ ಜನರ ಮುಂದೆ ಉತ್ತು ತೋರಿಸಿಯೇ ಅಮೆರಿಕದ ಮಾರುಕಟ್ಟೆಗೆ ತಂದರು. ಆ ಜೋಡಣೆಯ ಗುಣ ನಿಂತ ಟ್ರ್ಯಾಕ್ಟರಿನಲ್ಲಿ ಕಾಣುವುದೇ ಇಲ್ಲ.

ತಪ್ಪು ಫೋಟೋದಿಂದ ಏನಾಗುತ್ತದೆ ಅಂತ ಕೇಳಬಹುದು. ನಮ್ಮ ಹುಡುಗನ ರೋಟವೇಟರ್ ಕತೆ ಹೇಳುತ್ತೇನೆ.

ಟ್ರ್ಯಾಕ್ಟರ್ 45 ಎಚ್‌ಪಿಯದು. ಅದಕ್ಕೆ ಐದು ಅಡಿಯ ರೋಟವೇಟರ್ ಕೊಟ್ಟರು. ಕರಪತ್ರದಲ್ಲಿ ಇದ್ದದ್ದೂ ಅದೇ ಜೋಡಿ. ಮನೆಗೆ ತಂದು ಹೊಡೆದರೆ ಒಂದು ಟೈರಿನ ಗುರುತು ಹೊಲದಲ್ಲಿ ಹಾಗೇ ಉಳಿಯಿತು. ಹಿಂದಿನ ಎರಡು ಟೈರುಗಳ ಹೊರಗಿನ ಅಂಚಿನಿಂದ ಅಂಚಿಗೆ ಅಳೆದರೆ ಐದು ಅಡಿಗಿಂತ ಜಾಸ್ತಿ ಇತ್ತು. ರೋಟವೇಟರ್ ಟೈರಿನ ಗುರುತನ್ನು ಮುಚ್ಚಬೇಕು. ಅಷ್ಟು ಅಗಲ ಇಲ್ಲದಿದ್ದರೆ ಅದನ್ನು ಒಂದು ಬದಿಗೆ ಸರಿಸಿ ಕಟ್ಟಬೇಕು, ಆ ಬದಿಯ ಗುರುತಾದರೂ ಮುಚ್ಚುತ್ತದೆ. ಇನ್ನೊಂದು ಬದಿಯದು ಮುಂದಿನ ಸುತ್ತಿನಲ್ಲಿ ಮುಚ್ಚಿಹೋಗುತ್ತದೆ. ಚೌಕಟ್ಟಿನಲ್ಲಿ ಅದಕ್ಕೆ ಬೇರೆ ತೂತುಗಳೂ ಇದ್ದವು. ಯಾರೂ ಹೇಳಿರಲಿಲ್ಲ.

ಸ್ವಲ್ಪ ದಿನ ಕಳೆದ ಮೇಲೆ ಫೋನ್ ಬಂತು. "ಮಾಮಾ, ಮ್ಯಾಲೆ ಎತ್ತಿದ್ರ ಕಟಕಟ ಅಂತೈತಿ."

"ವಿಡಿಯೋ ಮಾಡಿ ಕಳಸಪಾ. ಪಕ್ಕದಿಂದ ಹಿಡಿ. ಹತ್ರ ಹೋಗಬ್ಯಾಡ."

ವಿಡಿಯೋ ನೋಡಿದ ಕೂಡಲೇ ಗೊತ್ತಾಯಿತು. ಟಾಪ್ ಲಿಂಕನ್ನು ತಿರುಗಿಸಿ ತೀರಾ ಗಿಡ್ಡ ಮಾಡಿದ್ದರು. ಅದರಿಂದ ರೋಟವೇಟರಿನ ಹಿಂಭಾಗ ಎದ್ದು, ಗೇರ್‌ಬಾಕ್ಸಿನ ಮೂತಿ ನೆಲಕ್ಕೆ ಬಾಗಿತ್ತು. ಶಾಫ್ಟಿಗೆ ಎರಡು ಕಡೆ ಕ್ರಾಸ್, ಅಂದರೆ ಬಾಗುವ ಕೀಲು, ಇರುತ್ತದೆ. ಟ್ರ್ಯಾಕ್ಟರಿನ ಕಡೆ ಎಷ್ಟು ಬಾಗುತ್ತದೋ ರೋಟವೇಟರಿನ ಕಡೆಯೂ ಅಷ್ಟೇ ಬಾಗಿದರೆ ಶಾಫ್ಟ್ ಸಮನಾಗಿ ತಿರುಗುತ್ತದೆ. ಒಂದು ಕಡೆ ಜಾಸ್ತಿ ಬಾಗಿದರೆ ಪ್ರತಿ ಸುತ್ತಿನಲ್ಲೂ ಒದೆಯುತ್ತದೆ. ನಿಮಿಷಕ್ಕೆ 540 ಸುತ್ತು. ಜೊತೆಗೆ ಹುಡುಗ ತಿರುವಿನಲ್ಲಿ ಪಿಟಿಓ ಬಿಡಿಸದೆ ರೋಟವೇಟರನ್ನು ಪೂರ್ತಿ ಮೇಲಕ್ಕೆ ಎತ್ತುತ್ತಿದ್ದ. ಆಗ ಬಾಗು ಇನ್ನೂ ಹೆಚ್ಚಾಗಿ ಶಬ್ದ ಜೋರಾಗುತ್ತಿತ್ತು. ಎತ್ತಿದಾಗ ಶಬ್ದ ಜಾಸ್ತಿ ಆದರೆ ಮೊದಲು ಶಾಫ್ಟಿನ ಬಾಗು ನೋಡಬೇಕು, ಗೇರ್‌ಬಾಕ್ಸ್ ಬಿಚ್ಚಬಾರದು. ಊರಿನ ಮೆಕ್ಯಾನಿಕ್ ಆಗಲೇ ಗೇರ್‌ಬಾಕ್ಸಿಗೆ ಕೈ ಹಾಕಲು ಹೊರಟಿದ್ದ.

ರೋಟವೇಟರನ್ನು ಕೆಲಸದ ಆಳಕ್ಕೆ ಇಳಿಸಿ, ಗೇರ್‌ಬಾಕ್ಸ್ ನೆಲಕ್ಕೆ ಸಮ ಆಗುವವರೆಗೆ ಟಾಪ್ ಲಿಂಕ್ ಉದ್ದ ಮಾಡಿಸಿದೆ. ತಿರುವಿನಲ್ಲಿ ಬ್ಲೇಡು ಮಣ್ಣು ಬಿಡುವಷ್ಟು ಮಾತ್ರ ಮೇಲೆತ್ತು, ಹೈಡ್ರಾಲಿಕ್ ಲಿವರಿನ ಸ್ಟಾಪರನ್ನು ಅಲ್ಲಿಗೇ ಕಟ್ಟು ಅಂದೆ. ಅಷ್ಟರಲ್ಲಿ ಒಂದು ಕ್ರಾಸ್ ಹೋಗಿತ್ತು. ಹೊಸದು ಹಾಕಿಸಿದ ಮೇಲೆ ಶಬ್ದ ನಿಂತಿತು. ಶಾಫ್ಟಿನ ಪ್ಲಾಸ್ಟಿಕ್ ಕವರ್ ಎಲ್ಲಿ ಅಂತ ಕೇಳಿದರೆ ಅಂಗಡಿಯವರು ಕೊಟ್ಟೇ ಇಲ್ಲ ಅಂದ. ಬರಿಯ ಶಾಫ್ಟ್ ಪಂಚೆ, ಸೀರೆ ಸೆರಗು ಹಿಡಿದರೆ ಬಿಡಿಸಿಕೊಳ್ಳಲು ಸಮಯವೇ ಸಿಗುವುದಿಲ್ಲ. ಕವರ್ ಬರುವವರೆಗೆ ಹೊಲಕ್ಕೆ ಇಳಿಸಬೇಡ ಅಂತ ಜಗಳ ಮಾಡಿದೆ.

ಈ ಇಷ್ಟೂ ವಿಷಯ ಒಂದು ಒಳ್ಳೆಯ ಫೋಟೋದಲ್ಲಿ ಕಾಣುತ್ತದೆ. ಪಕ್ಕದಿಂದ ತೆಗೆದ ಫೋಟೋ, ಸಮನಾದ ಗೇರ್‌ಬಾಕ್ಸ್, ಕವರ್ ಹಾಕಿದ ಶಾಫ್ಟ್, ಟೈರಿನ ಗುರುತು ಉಳಿಯದ ನೆಲ. ಓದು ಬಾರದವರೂ ನೋಡಿ ಕಲಿಯುತ್ತಾರೆ.

ಆದರೂ ಒಂದು ಮಾತು ಒಪ್ಪಬೇಕು. ಇಲ್ಲಿಯ ಜಾಹೀರಾತಿನ ಧೂಳನ್ನು ಹಾಗೇ ಎತ್ತಿ ನಮ್ಮ ಕಡೆ ಹಾಕಿದರೆ ಅದೂ ತಪ್ಪು ಪಾಠವೇ. ನಮ್ಮ ಮಸಾರಿ ಹೊಲದಲ್ಲಿ ರೋಟವೇಟರ್ ಹಿಂದೆ ಮೋಡದಂಥ ಧೂಳು ಎದ್ದರೆ ಮಣ್ಣು ಒಣಗಿದೆ ಅಂತ ಅರ್ಥ. ಅದನ್ನು ಹಿಟ್ಟು ಮಾಡಿಬಿಟ್ಟರೆ ಮೊದಲ ಮಳೆಗೆ ಮೇಲ್ಪದರ ಗಟ್ಟಿಯಾಗಿ ಕೂರುತ್ತದೆ, ಮೊಳಕೆ ಮೇಲೆ ಬರಲು ಒದ್ದಾಡುತ್ತದೆ. ಒಂದು ಹಿಡಿ ಮಣ್ಣು ಮುದ್ದೆ ಕಟ್ಟಿ, ಸೊಂಟದೆತ್ತರದಿಂದ ಬಿಟ್ಟಾಗ ಒಡೆದು ಪುಡಿಯಾದರೆ ಹದ ಇದೆ ಅಂತ ನಮ್ಮಪ್ಪ ನೋಡುತ್ತಿದ್ದರು. ಆ ಹದದಲ್ಲಿ ಧೂಳು ತೀರಾ ಕಡಿಮೆ. ವೇಗವೂ ಕಡಿಮೆ ಇರಬೇಕು, ಕೆಳಗಿನ ಗೇರಿನಲ್ಲಿ, ಆಳು ನಡೆಯುವಷ್ಟೇ.

ಇನ್ನೊಂದು. ಇಲ್ಲಿಯ ಟ್ರ್ಯಾಕ್ಟರ್ ಸಾವಿರಾರು ಎಕರೆ ಹೊಲದ್ದು. ನಮ್ಮದು ಬೆಳಿಗ್ಗೆ ರೋಟವೇಟರ್ ಹೊಡೆದು, ಮಧ್ಯಾಹ್ನ ಗೊಬ್ಬರದ ಟ್ರೇಲರ್ ಎಳೆದು, ಸಂಜೆ ಮದುವೆಗೆ ಜನರನ್ನು ಹೊತ್ತು ಹೋಗುತ್ತದೆ. ಆಯುಧ ಪೂಜೆಗೆ ಅದಕ್ಕೂ ಹೂವಿನ ಹಾರ. ಕ್ಯಾಲೆಂಡರಿನ ತೊಳೆದ ಟ್ರ್ಯಾಕ್ಟರ್ ನೋಡಿ ನಮ್ಮ ಜನ ಖುಷಿ ಪಡುವುದರಲ್ಲಿ ಆ ಅಕ್ಕರೆಯೂ ಇದೆ. ಅದನ್ನು ಕಿತ್ತುಹಾಕಿ ಅಂತ ನಾನು ಹೇಳುವುದಿಲ್ಲ. ಈಚೆಗೆ ನಮ್ಮ ಕಡೆಯ ರೈತರೇ ಫೋನಿನಲ್ಲಿ ತೆಗೆದ ವಿಡಿಯೋಗಳನ್ನು ಹುಡುಗ ಕಳಿಸುತ್ತಾನೆ. ಕೈ ನಡುಗುತ್ತದೆ, ಗಾಳಿಯ ಸದ್ದೇ ಜಾಸ್ತಿ, ಆದರೆ ಟಾಪ್ ಲಿಂಕ್ ಎಷ್ಟು ಸುತ್ತು ತಿರುಗಿಸಬೇಕು ಅಂತ ತೋರಿಸುತ್ತಾರೆ. ಬ್ಲೇಡು ಸವೆದದ್ದನ್ನೂ ತೋರಿಸುತ್ತಾರೆ. ಅಯೋವಾದ ಯಾವ ಜಾಹೀರಾತೂ ಸವೆದ ಬ್ಲೇಡನ್ನು ತೋರಿಸಿದ್ದು ನಾನು ಕಂಡಿಲ್ಲ.

ಕಂಪನಿಗಳು ಒಬ್ಬ ಒಳ್ಳೆಯ ಕ್ಯಾಮೆರಾದವನನ್ನು ಇಂಥ ರೈತರ ಜೊತೆ ಕಳಿಸಲಿ. ಮುಂಗಾರಿನ ಮೊದಲ ಹದ ಮಳೆ ಆದ ಮೇಲೆ, ರಾಣೆಬೆನ್ನೂರಿನ ಕಡೆ ಯಾವುದಾದರೂ ಹೊಲಕ್ಕೆ. ಟ್ರ್ಯಾಕ್ಟರ್ ತೊಳೆಯುವುದು ಬೇಡ, ಶಾಫ್ಟಿಗೆ ಕವರ್ ಹಾಕಿಕೊಂಡು ಬರಲಿ.