ಎಡುಪು ನನ್ನದು, ಕಾಲಪ್ರಮಾಣ ಕಂಪ್ಯೂಟರಿನದು

ಅಕ್ಕನ ಮಗನಿಗೆ ಬೇಸಿಗೆ ರಜೆ, ನನಗೆ ಹುಚ್ಚು. ಎರಡೂ ಸೇರಿ ಒಂದು ತಾಳದ ಗೇಮ್ ಆಯಿತು. ಹಿನ್ನೆಲೆಯಲ್ಲಿ ಅಮ್ಮ ಹಾಡಿದ ಮೂರು ನಿಮಿಷದ ಆದಿತಾಳದ ಹಾಡು. ಪರದೆಯ ಮೇಲಿನಿಂದ ಚುಕ್ಕೆಗಳು ಇಳಿದು ಬರುತ್ತವೆ, ಕೆಳಗಿನ ಗೆರೆ ಮುಟ್ಟಿದಾಗ ಸ್ಪೇಸ್‌ಬಾರ್ ಒತ್ತಬೇಕು. ನಿಮಿಷಕ್ಕೆ 120 ಎಣಿಕೆ, ಅಂದರೆ ಅರ್ಧ ಸೆಕೆಂಡಿಗೊಂದು ಚುಕ್ಕೆ. ಗೊಡೋ ಅನ್ನೋ ಉಚಿತ ಗೇಮ್ ಎಂಜಿನ್‌ನಲ್ಲಿ ಎರಡೇ ರಾತ್ರಿಗೆ ಮುಗಿಸಿದೆ. ಮೂರನೇ ದಿನ ಬೆಳಿಗ್ಗೆ ಜಗಳ ಶುರುವಾಯಿತು.

"ಮಾಮ, ಮೊದ್ಲು ಸರಿ ಇರುತ್ತೆ. ಕೊನೇಲಿ ಚುಕ್ಕೆ ಲೇಟಾಗಿ ಬರುತ್ತೆ" ಅಂದ ಅವನು.

ನಾನು ಆಡಿ ನೋಡಿದೆ. ತದ್ವಿರುದ್ಧ! ಶುರುವಿನಲ್ಲಿ ಚುಕ್ಕೆಗಳು ಹಾಡಿಗಿಂತ ಮೊದಲೇ ಓಡಿ ಬಂದು ಗೆರೆ ಮುಟ್ಟುತ್ತವೆ, ಕೊನೆಗೆ ಬರುವಷ್ಟರಲ್ಲಿ ಎಲ್ಲ ಸರಿಯಾಗಿರುತ್ತದೆ. ಅದೇ ಲ್ಯಾಪ್‌ಟಾಪ್, ಅದೇ ಹಾಡು. "ನಿಂಗೆ ತಾಳ ಗೊತ್ತಿಲ್ಲ ಕಣೋ" ಅಂದೆ. "ನಿಂಗೇ ಗೊತ್ತಿಲ್ಲ" ಅಂದ. ಇಬ್ಬರೂ ಹೇಳಿದ್ದು ನಿಜ ಅಂತ ಆಮೇಲೆ ಗೊತ್ತಾಯಿತು. ಎರಡು ಬೇರೆ ಬೇರೆ ವಿಷಯದಲ್ಲಿ.

ಅವನ ಕಿವಿಯಲ್ಲಿ ವೈರ್ ಇರೋ ಇಯರ್‌ಫೋನ್, ನನ್ನ ಕಿವಿಯಲ್ಲಿ ಬ್ಲೂಟೂತ್. ಬ್ಲೂಟೂತ್ ಅಂದಮೇಲೆ ಶಬ್ದ ತಡವಾಗಿ ಬರುತ್ತದೆ, ಅಷ್ಟು ನನಗೂ ಗೊತ್ತು. ಹಾಗಾಗಿ ಇದು ಆಡಿಯೋ ಲೇಟೆನ್ಸಿ ಅಂತ ತೀರ್ಪು ಕೊಟ್ಟು, ಎಲ್ಲ ಚುಕ್ಕೆಗಳನ್ನೂ 180 ಮಿಲಿಸೆಕೆಂಡ್ ತಡ ಮಾಡಿದೆ. ನನ್ನ ಶುರು ಸರಿಹೋಯಿತು, ಕೊನೆ ಕೆಟ್ಟಿತು. ಅವನದಂತೂ ಶುರು, ಕೊನೆ ಎರಡೂ ಹಾಳು. ಕೊನೆಯ ಚುಕ್ಕೆ ಬರುವಷ್ಟರಲ್ಲಿ ಹಾಡು ಮುಕ್ಕಾಲು ಎಣಿಕೆ ಮುಂದೆ ಹೋಗಿರುತ್ತಿತ್ತು. ಆಗ ನಾನು ಮಾಡಿದ ಕೆಲಸ ಹೇಳೋಕೆ ನಾಚಿಕೆ. 180ಕ್ಕೂ ಸೊನ್ನೆಗೂ ನಡುವೆ ಇರಲಿ ಅಂತ 90 ಹಾಕಿದೆ. ಪಂಚಾಯ್ತಿ ತೀರ್ಮಾನ. ಇಬ್ಬರಿಗೂ ಸಮನಾಗಿ ಅನ್ಯಾಯ.

ಅಮ್ಮ ಹುರುಳಿಕಾಯಿ ಬಿಡಿಸುತ್ತ ಇದನ್ನೆಲ್ಲ ನೋಡುತ್ತಿದ್ದಳು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು. ಅವನ ಇಯರ್‌ಫೋನ್ ಕಿತ್ತುಕೊಂಡು ತನ್ನ ಕಿವಿಗೆ ಹಾಕಿಕೊಂಡು, ತೊಡೆ ಮೇಲೆ ತಾಳ ಹಾಕುತ್ತ ಇಡೀ ಹಾಡು ನೋಡಿದಳು. ಆಮೇಲೆ ನನ್ನ ಬ್ಲೂಟೂತ್‌ನಲ್ಲಿ ಇನ್ನೊಂದು ಸಲ.

"ಇದರಲ್ಲಿ ಎರಡು ತಪ್ಪಿದೆಯಲ್ಲೋ. ನಿನ್ನ ಕಿವಿಗೆ ಹಾಕ್ಕೊಂಡ್ರೆ ತಾಳ ಮೊದ್ಲು ಬಂದು ಹಾಡು ಆಮೇಲೆ ಬರುತ್ತೆ, ಅನಾಗತ ಎಡುಪಿನ ಥರ. ಅದು ಶುರುವಿನ ವಿಷಯ. ಅದು ಬಿಟ್ಟು, ಯಾರ ಕಿವಿಗೆ ಹಾಕಿದ್ರೂ ಚುಕ್ಕೆ ಕಾಲಪ್ರಮಾಣ ಬಿಡ್ತಿದೆ. ಎಳೀತಾ ಇದೆ. ಎಡುಪು ಸರಿ ಮಾಡಿದ್ರೆ ಕಾಲಪ್ರಮಾಣ ಸರಿ ಆಗುತ್ತಾ?"

ಆಗಲ್ಲ. ಎಡುಪು ಅಂದರೆ ತಾಳದಲ್ಲಿ ಹಾಡು ಎತ್ತಿಕೊಳ್ಳುವ ಜಾಗ. ಅದು ಎಷ್ಟು ತಪ್ಪಿದ್ದರೂ ಮೊದಲ ಆವರ್ತನದಲ್ಲಿ, ಅಂದರೆ ಎಂಟೆಣಿಕೆಯ ಮೊದಲ ಸುತ್ತಿನಲ್ಲಿ, ಇದ್ದ ಅಂತರವೇ ಕೊನೆಯ ಆವರ್ತನದಲ್ಲೂ ಇರುತ್ತದೆ. ಲೇಟೆನ್ಸಿ ಅಂದರೆ ಇಷ್ಟೇ. ಕಾಲಪ್ರಮಾಣ, ಅಂದರೆ ವೇಗ, ಜಾರಿದರೆ ಅಂತರ ಬೆಳೆಯುತ್ತ ಹೋಗುತ್ತದೆ. ಆ 90 ತೆಗೆದುಹಾಕಿ, ವೈರ್ ಹಾಕಿಕೊಂಡು ಅಳೆದು ನೋಡಿದೆ. ಹಾಡಿನ 10ನೇ ಸೆಕೆಂಡಿನಲ್ಲಿ ಚುಕ್ಕೆ 10 ಮಿಲಿಸೆಕೆಂಡ್ ಹಿಂದೆ, 170ರಲ್ಲಿ ಸುಮಾರು 170 ಹಿಂದೆ. ಇಷ್ಟು ಅಚ್ಚುಕಟ್ಟಾದ ತಪ್ಪನ್ನು ನಾನು ಜೀವನದಲ್ಲಿ ಮಾಡಿರಲಿಲ್ಲ. ಅಪರಾಧಿ ಸಾಲು ಇದು:

```
song_time += 1.0 / 60.0
```

ಪರದೆ ಒಂದು ಸಲ ಬದಲಾದರೆ, ಅಂದರೆ ಒಂದು ಫ್ರೇಮ್ ಆದರೆ, ಸೆಕೆಂಡಿನ ಅರವತ್ತನೇ ಒಂದು ಭಾಗ ಕಳೆಯಿತು ಅಂತ ನಾನೇ ನಂಬಿಕೊಂಡಿದ್ದೆ. ಡಿಸ್‌ಪ್ಲೇ ಸೆಟ್ಟಿಂಗ್ ತೆಗೆದು ನೋಡಿದರೆ ಪರದೆ 60 ಅಲ್ಲ, 59.94 ಹರ್ಟ್ಸ್. ಸಾವಿರಕ್ಕೆ ಒಂದು ಪಾಲು ಕಮ್ಮಿ. ಹಾಡು 180 ಸೆಕೆಂಡ್ ಓಡಿದಾಗ ನನ್ನ ಗೇಮಿನ ಲೆಕ್ಕದಲ್ಲಿ 179.82 ಸೆಕೆಂಡ್ ಆಗಿರುತ್ತದೆ. 45 ಆವರ್ತನಕ್ಕೆ 180 ಮಿಲಿಸೆಕೆಂಡ್, ಆವರ್ತನಕ್ಕೆ ನಾಲ್ಕು. ಹಾಲಿಗೆ ಒಂದೊಂದು ತೊಟ್ಟು ನೀರು ಬೆರೆಸಿದ ಹಾಗೆ. ನನ್ನ ಬ್ಲೂಟೂತಿನ ತಡವೂ ಹೆಚ್ಚುಕಮ್ಮಿ ಅಷ್ಟೇ ಇತ್ತು, ಆದರೆ ಎದುರು ದಿಕ್ಕಿಗೆ. ಹಾಗಾಗಿ ಹಾಡು ಮುಗಿಯುವ ಹೊತ್ತಿಗೆ ಎರಡು ತಪ್ಪೂ ಒಂದನ್ನೊಂದು ಹೊಡೆದುಹಾಕಿ ನನಗೆ ಮಾತ್ರ ಎಲ್ಲ ಸರಿ ಕಾಣುತ್ತಿತ್ತು!

ಇಲ್ಲಿಗೆ ಬುದ್ಧಿ ಬರಬೇಕಿತ್ತು. ನಾನು ಮಾಡಿದ್ದು ಆ ಸಾಲನ್ನು 1.001ರಿಂದ ಗುಣಿಸಿದ್ದು. ನಮ್ಮ ಮನೆಯಲ್ಲಿ ಅದ್ಭುತವಾಗಿ ನಡೆಯಿತು. ಹುಡುಗ ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಗೆಳೆಯನ ಮನೆಗೆ ಹೋದ. ಅರ್ಧ ಗಂಟೆಗೆ ಫೋನು.

"ಮಾಮ, ಅಜ್ಜಿ ಇನ್ನೂ ಹಾಡ್ತಿದಾರೆ. ಚುಕ್ಕೆಗಳೆಲ್ಲ ಮುಗಿದೋದ್ವು."

ಗೆಳೆಯನದು 144 ಹರ್ಟ್ಸ್ ಪರದೆ. ಮೂರು ನಿಮಿಷದ ಚುಕ್ಕೆಗಳು 75 ಸೆಕೆಂಡಿಗೇ ಖಾಲಿ.

ಫ್ರೇಮ್ ಎಷ್ಟು ಹೊತ್ತು ಹಿಡಿಯಿತು ಅಂತ ಎಂಜಿನ್ನೇ `delta` ಅಂತ ಹೇಳುತ್ತದೆ. ಅದನ್ನು ಕೂಡಿಸುತ್ತ ಹೋದರೆ ಈ ಅವಾಂತರ ತಪ್ಪುತ್ತದೆ, ನಿಜ. ಆದರೂ ಅದು ಇನ್ನೊಂದು ಗಡಿಯಾರವೇ. ಹಾಡು ಓಡುವುದು ಸೌಂಡ್ ಕಾರ್ಡಿನ ಗಡಿಯಾರದಲ್ಲಿ. ಎರಡು ಗಡಿಯಾರ ಇಟ್ಟುಕೊಂಡು ಎರಡೂ ಒಂದೇ ಹೇಳಲಿ ಅಂತ ಕಾಯೋದಕ್ಕಿಂತ, ಹಾಡನ್ನೇ "ಎಲ್ಲಿದ್ದೀಯಮ್ಮ?" ಅಂತ ಕೇಳಿದರೆ ಮುಗಿಯಿತಲ್ವಾ:

```
var t = $Player.get_playback_position()
t += AudioServer.get_time_since_last_mix()
t -= AudioServer.get_output_latency()
```

ಮೊದಲ ಸಾಲು ಹಾಡು ಎಲ್ಲಿದೆ ಅಂತ ಕೇಳುತ್ತದೆ. ಆದರೆ ಶಬ್ದ ತಯಾರಾಗುವುದು ಕಂತು ಕಂತಾಗಿ. ಹೊಸ ಕಂತು ಬರುವ ತನಕ ಉತ್ತರ ಅಲ್ಲೇ ನಿಂತಿರುತ್ತದೆ, ಆಮೇಲೆ ದಡಕ್ಕನೆ ಹಾರುತ್ತದೆ. ಇಷ್ಟಕ್ಕೇ ನಿಲ್ಲಿಸಿದರೆ ಚುಕ್ಕೆಗಳು ಚಳಿ ಹಿಡಿದ ಹಾಗೆ ನಡುಗುತ್ತವೆ. ಕಳೆದ ಕಂತಿನಿಂದ ಈಚೆಗೆ ಎಷ್ಟು ಹೊತ್ತಾಯಿತು ಅಂತ ಎರಡನೇ ಸಾಲು ಕೂಡಿಸುತ್ತದೆ. ತಯಾರಾದದ್ದು ಸ್ಪೀಕರಿಗೆ ತಲುಪಲು ಬೇಕಾದ ಹೊತ್ತನ್ನು ಮೂರನೆಯದು ಕಳೆಯುತ್ತದೆ. ಜಾರುವುದು ನಿಂತಿತು. ಗೆಳೆಯನ ಮನೆಯಲ್ಲೂ.

ಉಳಿದದ್ದು ಎಡುಪು. ಬ್ಲೂಟೂತ್ ಒಳಗೆ ಎಷ್ಟು ತಡವಾಗುತ್ತದೆ ಅನ್ನೋದು ಮೂರನೇ ಸಾಲಿಗೆ ಪೂರ್ತಿ ಗೊತ್ತಾಗುವುದಿಲ್ಲ. ಅದನ್ನು ಆಡುವವರ ಕೈಯಿಂದಲೇ ಅಳೆಯಬೇಕು. ಸೆಕೆಂಡಿಗೊಂದು 'ಟಕ್' ಕೇಳಿಸುತ್ತದೆ, ಅದರ ಜೊತೆ 16 ಸಲ ಒತ್ತಬೇಕು. ತಾಳ ತಪ್ಪದವರು ಬೇಕಿತ್ತು, ಅಮ್ಮನನ್ನೇ ಕೂರಿಸಿದೆ. ಎಂಟು ಸಲ ಒತ್ತಿದ್ದು ಗಡಿಯಾರದ ಹಾಗಿತ್ತು. ಒಂಬತ್ತನೆಯದಕ್ಕೆ ಕುಕ್ಕರ್ ಸೀಟಿ ಹೊಡೆಯಿತು. "ಮೂರಾಯ್ತು, ಆಫ್ ಮಾಡೋ" ಅಂತ ಕೂಗಿ, ಆಮೇಲೆ ಒತ್ತಿದಳು. 0.8 ಸೆಕೆಂಡ್ ತಡ. ಆ ಒಂದೇ ಒತ್ತು ಹದಿನಾರರ ಸರಾಸರಿಯನ್ನು 50 ಮಿಲಿಸೆಕೆಂಡ್ ಕೆಡಿಸಿತು. ಸರಾಸರಿಗೂ ನನಗೂ ಆಗಿಬರುವುದಿಲ್ಲ ಅಂತ ಕೊನೆಗೂ ಒಪ್ಪಿಕೊಂಡೆ. ಹದಿನಾರನ್ನೂ ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ ನಡುವಿನದನ್ನು ತೆಗೆದುಕೊಂಡೆ. ಕುಕ್ಕರ್ ತುದಿಗೆ ಹೋಗಿ ಕೂತಿತು.

ಸಂಜೆ ಮೂವರೂ ಆಡಿದೆವು. ಅಮ್ಮ ಒಂದೇ ಒಂದು ಚುಕ್ಕೆ ಬಿಟ್ಟಳು. ಹುಡುಗ ಹತ್ತೋ ಹನ್ನೊಂದೋ ಬಿಟ್ಟ. ನಾನು ನಲವತ್ತು ದಾಟಿದ ಮೇಲೆ ಎಣಿಸಲಿಲ್ಲ. ಬ್ಲೂಟೂತ್ ತೆಗೆದು ವೈರ್ ಹಾಕಿಕೊಂಡು, ಹೊಸದಾಗಿ ಅಳೆದು, ಇನ್ನೊಂದು ಸಲ ಆಡಿದೆ. ಆಗಲೂ ಅಷ್ಟೇ.

"ಇನ್ನೂ ಏನೋ ಲೇಟೆನ್ಸಿ ಇದೆ ಅನ್ಸುತ್ತೆ" ಅಂದೆ.

"ಇದೆ ಇದೆ" ಅಂದಳು ಅಮ್ಮ. "ಏಳನೇ ವರ್ಷಕ್ಕೇ ಪಾಠಕ್ಕೆ ಕೂತ್ಕೋ ಅಂದಿದ್ದೆ."