ಸಾಲ ಮಾಡಿದರೆ ಕಂಪನಿಯ ಬೆಲೆ ಏರುತ್ತದೆಯೇ?

ಪರ: ಏರುತ್ತದೆ, ತೆರಿಗೆ ಇರುವ ತನಕ

‘ಹೌದು’ ಅನ್ನುವ ಪಾಲು ನನಗೆ ಬಂದಿದೆ. ಹೌದು ಅನ್ನಲು ಹಳೆಯ ದಾರಿ ಒಂದಿದೆ, ಆಮೇಲಿನ ದಾರಿ ಒಂದಿದೆ. ಹಳೆಯದರ ಮೇಲೆ ನನಗೆ ಅರ್ಧ ನಂಬಿಕೆ ಮಾತ್ರ. ಆದರೂ ಅದರಿಂದಲೇ ಶುರು ಮಾಡಬೇಕು.

1952ರಲ್ಲಿ ಅಮೆರಿಕದ ಡೇವಿಡ್ ಡ್ಯುರಾಂಡ್ ಕಂಪನಿಗೆ ಬೆಲೆ ಕಟ್ಟುವ ಎರಡು ವಿಧಾನಗಳನ್ನು ಎದುರುಬದುರು ನಿಲ್ಲಿಸಿದರು. ಒಂದು ನಿವ್ವಳ ಆದಾಯ ವಿಧಾನ: ಬಡ್ಡಿ ಕಳೆದು ಷೇರುದಾರರಿಗೆ ಉಳಿಯುವ ಲಾಭಕ್ಕೆ ಬೆಲೆ ಕಟ್ಟಿ, ಅದಕ್ಕೆ ಸಾಲವನ್ನು ಕೂಡಿಸು. ಇನ್ನೊಂದು ನಿವ್ವಳ ಕಾರ್ಯಾಚರಣಾ ಆದಾಯ ವಿಧಾನ: ಬಡ್ಡಿ ಕಳೆಯುವ ಮೊದಲಿನ ಲಾಭಕ್ಕೇ ಬೆಲೆ ಕಟ್ಟಿ, ಆಮೇಲೆ ಸಾಲವನ್ನು ಕಳೆದು ಷೇರಿನ ಪಾಲು ತಿಳಿ.

ಬಡ್ಡಿ, ತೆರಿಗೆಗೆ ಮುಂಚೆ ವರ್ಷಕ್ಕೆ 10 ಲಕ್ಷ ರೂಪಾಯಿ ಲಾಭ ಮಾಡುವ ಕಂಪನಿಯೊಂದು ಇದೆ ಎಂದಿಟ್ಟುಕೊಳ್ಳಿ. ಷೇರುದಾರರು ಬಯಸುವ ಪ್ರತಿಫಲ 12.5%. ಬ್ಯಾಂಕಿನ ಬಡ್ಡಿ 8%. ಸದ್ಯಕ್ಕೆ ತೆರಿಗೆ ಬೇಡ. ಸಾಲವೇ ಇಲ್ಲದಿದ್ದರೆ ಕಂಪನಿಯ ಬೆಲೆ 10 ಲಕ್ಷವನ್ನು 12.5%ರಿಂದ ಭಾಗಿಸಿದಷ್ಟು, ಅಂದರೆ 80 ಲಕ್ಷ. ಈಗ 50 ಲಕ್ಷ ಸಾಲ ತಂದು ಅಷ್ಟೇ ಮೊತ್ತದ ಷೇರುಗಳನ್ನು ಮರುಖರೀದಿ ಮಾಡಲಿ. ಬಡ್ಡಿ 4 ಲಕ್ಷ ಹೋಗಿ 6 ಲಕ್ಷ ಉಳಿಯಿತು. ಅದನ್ನು ಅದೇ 12.5%ರಿಂದ ಭಾಗಿಸಿದರೆ ಷೇರುಗಳ ಬೆಲೆ 48 ಲಕ್ಷ. ಸಾಲ ಕೂಡಿಸಿದರೆ ಕಂಪನಿ 98 ಲಕ್ಷ. ಸರಾಸರಿ ಬಂಡವಾಳ ವೆಚ್ಚ 12.5%ರಿಂದ 10.2%ಕ್ಕೆ ಇಳಿಯಿತು. ಅಗ್ಗದ ಹಣ ದುಬಾರಿ ಹಣದ ಜಾಗಕ್ಕೆ ಬಂತು, ಅಷ್ಟೇ.

ಸಾಲ ಹೆಚ್ಚಿದ ಮೇಲೂ ಷೇರುದಾರರು ಅದೇ 12.5%ಕ್ಕೆ ತೃಪ್ತರಾಗುತ್ತಾರಾ ಎಂದು ಕೇಳಬಹುದು. 50 ಲಕ್ಷದಷ್ಟು ಸಾಲಕ್ಕೆ ಆಗಲಾರರು, ಒಪ್ಪುತ್ತೇನೆ. ಆದರೆ ಸಾಲ ಐದೋ ಹತ್ತೋ ಲಕ್ಷ ಇರುವಾಗ ಅವರ ನಿರೀಕ್ಷೆ ಕದಲುವುದು ಬಹಳ ಕಡಿಮೆ. ಎದುರಿನವರು ಇಲ್ಲಿ ಹೂಡಿಕೆದಾರ ತಾನೇ ಸಾಲ ತಂದು ಸಾಲವಿಲ್ಲದ ಕಂಪನಿಯ ಷೇರು ಕೊಂಡು ಬೆಲೆಯ ಅಂತರವನ್ನು ಸರಿದೂಗಿಸುತ್ತಾನೆ ಎನ್ನುವ ಕಥೆ ಹೇಳುತ್ತಾರೆ. ಕಾರ್ಖಾನೆ, ಜಮೀನು ಅಡವಿಟ್ಟ ಕಂಪನಿಗೆ ಸಿಗುವ 8% ದರದಲ್ಲಿ ಷೇರು ಕೊಳ್ಳಲು ಹೊರಟ ಸಂಬಳದಾರನಿಗೆ ಯಾವ ಬ್ಯಾಂಕ್ ಸಾಲ ಕೊಡುತ್ತದೆ?

ಇಷ್ಟು ಕರ್ತವ್ಯಕ್ಕೆ. ನನ್ನ ನಿಜವಾದ ಕಾರಣ ತೆರಿಗೆ.

ನಮ್ಮಲ್ಲಿ 2019ರಿಂದ ರಿಯಾಯಿತಿಗಳನ್ನು ಬಿಟ್ಟುಕೊಟ್ಟ ಕಂಪನಿಗೆ ಸರ್‌ಚಾರ್ಜ್, ಸೆಸ್ ಸೇರಿ 25.168% ತೆರಿಗೆಯ ಆಯ್ಕೆ ಇದೆ. ಲೆಕ್ಕಕ್ಕೆ 25% ಅನ್ನೋಣ. ಸಾಲವಿಲ್ಲದ ಕಂಪನಿ 10 ಲಕ್ಷದ ಮೇಲೆ ಎರಡೂವರೆ ಲಕ್ಷ ಕಟ್ಟುತ್ತದೆ. 50 ಲಕ್ಷ ಸಾಲವಿರುವ ಕಂಪನಿಯಲ್ಲಿ ಬಡ್ಡಿ ಖರ್ಚಿನ ಬಾಬತ್ತು, ಆದ್ದರಿಂದ ತೆರಿಗೆ 6 ಲಕ್ಷದ ಮೇಲೆ ಮಾತ್ರ, ಒಂದೂವರೆ ಲಕ್ಷ. ವರ್ಷಕ್ಕೆ 1 ಲಕ್ಷ ಸರ್ಕಾರಕ್ಕೆ ಹೋಗದೆ ಒಳಗೇ ಉಳಿಯಿತು. ಡಿವಿಡೆಂಡಿಗೆ ಈ ಸವಲತ್ತು ಇಲ್ಲ, ಅದು ತೆರಿಗೆ ಕಟ್ಟಿದ ಮೇಲಿನ ದುಡ್ಡು. ಸಾಲ ಹೀಗೇ ಮುಂದುವರಿಯುವುದಾದರೆ ಆ 1 ಲಕ್ಷವನ್ನು ಸಾಲದ ದರವಾದ 8%ರಿಂದ ಭಾಗಿಸಿ: 12.5 ಲಕ್ಷ. ಸಾಲದ ಮೊತ್ತವನ್ನು ತೆರಿಗೆ ದರದಿಂದ ಗುಣಿಸಿದರೂ ಅದೇ ಅಂಕಿ. ಸಾಲವಿಲ್ಲದ ಕಂಪನಿ 60 ಲಕ್ಷ, ಸಾಲವಿರುವುದು 72.5 ಲಕ್ಷ.

ಇದು ನಿವ್ವಳ ಆದಾಯ ವಿಧಾನದವರ ಲೆಕ್ಕವಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಸಾಲದಿಂದ ಬೆಲೆ ಏರದು ಎಂದು 1958ರಲ್ಲಿ ವಾದಿಸಿದ ಅರ್ಥಶಾಸ್ತ್ರಜ್ಞರಾದ ಮೊಡಿಗ್ಲಿಯಾನಿ ಮತ್ತು ಮಿಲ್ಲರ್ 1963ರಲ್ಲಿ ತಮ್ಮ ತೆರಿಗೆ ಲೆಕ್ಕವನ್ನು ತಾವೇ ತಿದ್ದಿ ಒಪ್ಪಿಕೊಂಡ ಲೆಕ್ಕ. ಎದುರು ಪಕ್ಷದ ದೊಡ್ಡವರೇ ಸಹಿ ಹಾಕಿದ ಮೇಲೆ ನಾನು ಹೆಚ್ಚು ಬೆವರು ಸುರಿಸಬೇಕಾಗಿಲ್ಲ.

ವಿರೋಧ: ರೊಟ್ಟಿ ಎಷ್ಟು ತುಂಡಾದರೂ ಅಷ್ಟೇ ದೊಡ್ಡದು

ಮೇಲಿನ ಲೆಕ್ಕವನ್ನೇ ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯೋಣ. ಸಾಲ 50 ಲಕ್ಷದ ಬದಲು 125 ಲಕ್ಷ ಇರಲಿ. 8%ರಂತೆ ಬಡ್ಡಿ 10 ಲಕ್ಷ, ಷೇರುದಾರರಿಗೆ ಸೊನ್ನೆ. ನಿವ್ವಳ ಆದಾಯ ವಿಧಾನದ ಪ್ರಕಾರ ಕಂಪನಿಯ ಬೆಲೆ ಈಗ 125 ಲಕ್ಷ! ಯಂತ್ರಗಳು ಅವೇ, ಗಿರಾಕಿಗಳು ಅವರೇ, ಲಾಭ ಅದೇ 10 ಲಕ್ಷ. ಮೊದಲು ಇದೇ 10 ಲಕ್ಷವನ್ನು ಅಪಾಯವಿದೆ ಎಂದು 12.5%ರಿಂದ ಭಾಗಿಸಿದರು, ಈಗ ಬ್ಯಾಂಕ್ ಠೇವಣಿಯಷ್ಟು ಭದ್ರವೆಂಬಂತೆ 8%ರಿಂದ ಭಾಗಿಸಿದ್ದಾರೆ. ಲಾಭದ ಏರಿಳಿತ ಎಲ್ಲಿ ಹೋಯಿತು? ಎಲ್ಲಿಗೂ ಹೋಗಿಲ್ಲ, ಲೆಕ್ಕದ ಹಾಳೆಯಿಂದ ಬಿಟ್ಟುಹೋಗಿದೆ. ‘ಅಷ್ಟು ಸಾಲ ಯಾರೂ ಮಾಡುವುದಿಲ್ಲ’ ಎನ್ನುವುದು ಉತ್ತರವಲ್ಲ. ಸೂತ್ರ ಸುಳ್ಳು ಹೇಳಲು ಶುರು ಮಾಡುವುದು 125ನೇ ಲಕ್ಷದಲ್ಲಿ ಅಲ್ಲ, ಮೊದಲ ರೂಪಾಯಿಯಲ್ಲೇ.

ಸರಿಯಾದ ಕ್ರಮ ಹೀಗೆ. ಲಾಭ 10 ಲಕ್ಷ, ಅದರ ಅಪಾಯಕ್ಕೆ ತಕ್ಕ ದರ 12.5%, ಕಂಪನಿ 80 ಲಕ್ಷ. ಅದರಲ್ಲಿ 50 ಲಕ್ಷ ಸಾಲ ಕೊಟ್ಟವರದಾದರೆ ಷೇರಿನ ಪಾಲು 30 ಲಕ್ಷ. ಷೇರುದಾರರಿಗೆ ಉಳಿಯುವ ಲಾಭ 6 ಲಕ್ಷ. ಅಂದರೆ ಷೇರುದಾರರ ದರ ಈಗ 12.5% ಅಲ್ಲ, 20%. ಈ ಏರಿಕೆಗೆ ಕಾರಣ ಕಾಣಬೇಕಾದರೆ ಲಾಭವನ್ನು ಅರ್ಧಕ್ಕೆ ಇಳಿಸಿ ನೋಡಿ. 10 ಲಕ್ಷ 5 ಲಕ್ಷವಾದರೆ ಸಾಲವಿಲ್ಲದ ಕಂಪನಿಯ ಷೇರುದಾರನ ಆದಾಯ ಅರ್ಧವಾಗುತ್ತದೆ. ಸಾಲವಿರುವ ಕಂಪನಿಯಲ್ಲಿ 6 ಲಕ್ಷ 1 ಲಕ್ಷವಾಗುತ್ತದೆ, ಆರರಲ್ಲಿ ಐದು ಪಾಲು ಮಾಯ. ಇಷ್ಟು ಹೊಡೆತಕ್ಕೆ ಮೈಯೊಡ್ಡುವವನು ಹಳೆಯ ದರಕ್ಕೇ ಸುಮ್ಮನಿರುತ್ತಾನೆ ಅನ್ನುವುದೇ ನಿವ್ವಳ ಆದಾಯ ವಿಧಾನದ ಇಡೀ ಬಂಡವಾಳ. 8%ರ ಸಾಲ ಅಗ್ಗ ಅನಿಸುವುದು ಅದರ ಉಳಿದ ಬೆಲೆ ಷೇರಿನ ಖಾತೆಗೆ ಹೋಗುವುದರಿಂದ.

ಇನ್ನು ಸಂಬಳದಾರನಿಗೆ ಬ್ಯಾಂಕ್ ಸಾಲ ಕೊಡದು ಎಂಬ ಮಾತು. ಕೊಡುವುದೇ ಬೇಡ. ಒಂದೇ ಬಗೆಯ ಎರಡು ಕಂಪನಿಗಳಿವೆ, ಸಾಲವಿಲ್ಲದ್ದು ಮಾರುಕಟ್ಟೆಯಲ್ಲಿ 80 ಲಕ್ಷ, ಸಾಲವಿರುವುದು 98 ಲಕ್ಷ ಎನ್ನೋಣ. ಒಂದು ಫಂಡ್ ಹೌಸ್ ಸಾಲವಿರುವ ಕಂಪನಿಯ ಷೇರಿನಲ್ಲೂ ಸಾಲಪತ್ರದಲ್ಲೂ ಹತ್ತನೇ ಒಂದು ಪಾಲು ಇಟ್ಟುಕೊಂಡಿದೆ: ಷೇರು 4.8 ಲಕ್ಷ, ಸಾಲಪತ್ರ 5 ಲಕ್ಷ, ಒಟ್ಟು 9.8 ಲಕ್ಷ. ಅದಕ್ಕೆ ಬರುವುದು ಲಾಭದ ಪಾಲು 60 ಸಾವಿರ, ಬಡ್ಡಿ 40 ಸಾವಿರ, ಕೂಡಿದರೆ 1 ಲಕ್ಷ. ಎರಡನ್ನೂ ಮಾರಿ ಸಾಲವಿಲ್ಲದ ಕಂಪನಿಯ ಹತ್ತನೇ ಒಂದು ಪಾಲು ಕೊಂಡರೆ ಖರ್ಚು 8 ಲಕ್ಷ, ಆದಾಯ ಅದೇ 1 ಲಕ್ಷ, ಅಪಾಯವೂ ಅದೇ. 1.8 ಲಕ್ಷ ಕೈಯಲ್ಲಿ ಉಳಿಯಿತು. ಒಂದು ರೂಪಾಯಿ ಸಾಲ ಮಾಡಲಿಲ್ಲ. ಈ ಅವಕಾಶ ಕಂಡವರೆಲ್ಲ ಒಂದನ್ನು ಮಾರಿ ಇನ್ನೊಂದನ್ನು ಕೊಳ್ಳುತ್ತ ಹೋದರೆ 18 ಲಕ್ಷದ ಅಂತರ ನಿಲ್ಲುವುದಿಲ್ಲ. ಕಾರ್ಯಾಚರಣಾ ಆದಾಯ ವಿಧಾನ ಬರೀ ‘ಬೆಲೆ ಬದಲಾಗದು’ ಎಂದು ಹೇಳಿ ಸುಮ್ಮನಾಗಿತ್ತು. ಯಾಕೆ ಬದಲಾಗದು ಎಂಬುದನ್ನು ಇಂಥ ಕೊಡುಕೊಳ್ಳುವಿಕೆಯಿಂದ ತೋರಿಸಿದ್ದೇ ಮೊಡಿಗ್ಲಿಯಾನಿ, ಮಿಲ್ಲರ್ ಅವರ 1958ರ ಪ್ರಬಂಧದ ಹೆಚ್ಚುಗಾರಿಕೆ.

ತೆರಿಗೆಯ ವಿಷಯಕ್ಕೆ ಬರುತ್ತೇನೆ. 12.5 ಲಕ್ಷದ ಲೆಕ್ಕ ಸರಿ. ಆದರೆ ಅದು ಸಾಲದ ಗುಣವಲ್ಲ, ಕಾಯ್ದೆಯ ಕೊಡುಗೆ. ಅದೇ ಕಂಪನಿಗೆ ಅದೇ ತೆರಿಗೆ ಹಾಕಿ ನಿವ್ವಳ ಆದಾಯ ವಿಧಾನವನ್ನು ಓಡಿಸಿದರೆ, ಉಳಿದ ನಾಲ್ಕೂವರೆ ಲಕ್ಷವನ್ನು 12.5%ರಿಂದ ಭಾಗಿಸಿ 36 ಲಕ್ಷ, ಸಾಲ ಸೇರಿ 86 ಲಕ್ಷ. ಸರಿಯಾದ 72.5 ಲಕ್ಷಕ್ಕಿಂತ ಹದಿಮೂರೂವರೆ ಲಕ್ಷ ಜಾಸ್ತಿ. ತೆರಿಗೆ ಬಂದ ಮಾತ್ರಕ್ಕೆ ಹಳೆಯ ತಪ್ಪು ತಿದ್ದಿಕೊಳ್ಳಲಿಲ್ಲ.

ಇದಲ್ಲದೆ ಕಂಪನಿಯ ಬಾಗಿಲಲ್ಲೇ ತೆರಿಗೆ ಮುಗಿಯುವುದಿಲ್ಲ. 1977ರಲ್ಲಿ ಮಿಲ್ಲರ್ ಒಬ್ಬರೇ ಎತ್ತಿದ ಪ್ರಶ್ನೆ ಇದು: ದುಡ್ಡು ಹೂಡಿಕೆದಾರನ ಕಿಸೆ ಸೇರಿದಾಗ ಏನು ಉಳಿಯಿತು? ಬಡ್ಡಿ ಪಡೆಯುವವನು 30% ಸ್ಲ್ಯಾಬಿನಲ್ಲಿದ್ದಾನೆ. ಷೇರುದಾರ ಡಿವಿಡೆಂಡ್ ತೆಗೆದುಕೊಳ್ಳದೆ ಷೇರು ಬೆಳೆಯಲು ಬಿಟ್ಟು, ದೀರ್ಘಾವಧಿ ಲಾಭದ ಮೇಲೆ 12.5% ಕಟ್ಟುತ್ತಾನೆ. ಸೆಸ್, ವಿನಾಯಿತಿ ಬದಿಗಿರಲಿ. ಸಾಲವಿಲ್ಲದ ಕಂಪನಿಯ ಏಳೂವರೆ ಲಕ್ಷದಲ್ಲಿ ಷೇರುದಾರನ ಕೈಗೆ 6,56,250. ಸಾಲವಿರುವ ಕಡೆ ಷೇರುದಾರನಿಗೆ 3,93,750, ಬಡ್ಡಿ ಪಡೆದವನಿಗೆ 2,80,000, ಒಟ್ಟು 6,73,750. ವರ್ಷಕ್ಕೆ 1 ಲಕ್ಷ ಎಂದು ಬೀಗಿದ ಉಳಿತಾಯ 17,500ಕ್ಕೆ ಬಂತು! 8% ಬಡ್ಡಿಯಲ್ಲಿ 30% ತೆರಿಗೆ ಕಳೆದು ಉಳಿಯುವ 5.6%ರಿಂದ ಭಾಗಿಸಿದರೆ ಅದರ ಬೆಲೆ ಮೂರು ಲಕ್ಷ ಚಿಲ್ಲರೆ. (ಡಿವಿಡೆಂಡ್ ಪೂರ್ತಿ ಹಂಚಿ ಅದೂ 30% ಸ್ಲ್ಯಾಬಿಗೆ ಬಿದ್ದರೆ, ಅಥವಾ ಸಾಲ ಕೊಟ್ಟವರು ತೆರಿಗೆ ಕಟ್ಟದ ಸಂಸ್ಥೆಯಾದರೆ ಲೆಕ್ಕ ಬೇರೆ. ಆ ಕಡೆ ನಾನು ಹೋಗುವುದಿಲ್ಲ, ಅದು ಎದುರಿನವರ ಕೆಲಸ.)

ಆ 1 ಲಕ್ಷವೂ ಪ್ರತಿವರ್ಷ ಖಾತರಿಯಲ್ಲ. ಲಾಭ 3 ಲಕ್ಷಕ್ಕೆ ಇಳಿದ ವರ್ಷ 4 ಲಕ್ಷ ಬಡ್ಡಿ ಕಳೆಯಲು ಜಾಗವೇ ಇಲ್ಲ, ತಪ್ಪುವ ತೆರಿಗೆ 75 ಸಾವಿರ ಮಾತ್ರ. ಮಿಕ್ಕ ನಷ್ಟವನ್ನು ಮುಂದಿನ ವರ್ಷಗಳಿಗೆ ಒಯ್ಯಬಹುದು, ಅದೂ ಎಂಟು ವರ್ಷದ ಗಡಿಯೊಳಗೆ. ಬ್ಯಾಂಕಿನ ಬಡ್ಡಿಯನ್ನು ಪುಸ್ತಕದಲ್ಲಿ ಬರೆದರೆ ಸಾಲದು, ರಿಟರ್ನ್ ಸಲ್ಲಿಸುವ ಗಡುವಿನೊಳಗೆ ನಿಜವಾಗಿ ಕಟ್ಟಿರಬೇಕು. ಕಟ್ಟಲಾಗದೆ ಹೊಸ ಸಾಲವಾಗಿ ಪರಿವರ್ತಿಸಿಕೊಂಡರೆ ಅದು ಕಟ್ಟಿದಂತಾಗುವುದಿಲ್ಲ. ಕಷ್ಟದ ವರ್ಷದಲ್ಲೇ ಕೈಕೊಡುವ ಇಂಥ ಉಳಿತಾಯವನ್ನು ಶಾಶ್ವತವೆಂದು 8%ರಿಂದ ಭಾಗಿಸುವುದು ಧಾರಾಳತನ.

ನಿವ್ವಳ ಆದಾಯ ವಿಧಾನವನ್ನು ಯಾರೂ ಈಗ ನಂಬುವುದಿಲ್ಲ ಅಂದುಕೊಂಡರೆ ತಪ್ಪು. ಹೆಸರು ಹೇಳದೆ ಅದು ಎಕ್ಸೆಲ್ ಹಾಳೆಗಳಲ್ಲಿ ಬದುಕಿದೆ. ಸಾಲದ ಅಂಕಣದಲ್ಲಿ 20%, 40%, 60% ಎಂದು ಏರಿಸುತ್ತ ಹೋಗುತ್ತಾರೆ, ಷೇರು ವೆಚ್ಚದ ಅಂಕಣವನ್ನು ಮಾತ್ರ ಮೊದಲ ಸಾಲಿನದೇ ಎಳೆದುಬಿಡುತ್ತಾರೆ. ಸರಾಸರಿ ವೆಚ್ಚ ಚೆನ್ನಾಗಿ ಇಳಿಯುತ್ತದೆ, ಯೋಜನೆ ಪಾಸಾಗುತ್ತದೆ. ಪ್ರತಿ ಸಾಲಿನಲ್ಲೂ ಇರಬೇಕಾದದ್ದು ಇದು:

```
ke = ku + (ku − kd) × (1 − t) × D / S
```

ke ಎಂದರೆ ಷೇರು ವೆಚ್ಚ, ku ಎಂದರೆ ಸಾಲವಿಲ್ಲದಾಗಿನ ದರ, kd ಸಾಲದ ದರ, t ತೆರಿಗೆ ದರ, D ಸಾಲ, S ಷೇರುಗಳ ಬೆಲೆ. D ಮತ್ತು S ಎರಡೂ ಮಾರುಕಟ್ಟೆ ಬೆಲೆಯಲ್ಲಿರಬೇಕು, ಆಸ್ತಿ-ಹೊಣೆ ಪಟ್ಟಿಯ ಪುಸ್ತಕ ಬೆಲೆಯಲ್ಲಲ್ಲ. ನಮ್ಮ ಕಂಪನಿಗೆ D 50, S 22.5 ಹಾಕಿದರೆ ke 20% ಬರುತ್ತದೆ, ಸರಾಸರಿ ವೆಚ್ಚ 10.34%. ಷೇರು ವೆಚ್ಚ 12.5%ರಲ್ಲೇ ನಿಂತ ಹಾಳೆಯಲ್ಲಿ ಅದು 8.72% ಎಂದು ತೋರಿಸುತ್ತದೆ. ಹಾಳೆ ಕೈಗೆ ಬಂದಾಗ ಸಾಲದ ಅಂಕಿಯನ್ನು ಒಮ್ಮೆ ಬದಲಾಯಿಸಿ, ke ಇರುವ ಚೌಕ ಕದಲುತ್ತದೆಯೇ ನೋಡಿ.