ಬಾಗಿಲು ಕಿತ್ತುಕೊಂಡು ಹೋದ ಅಣ್ಣ ತಮ್ಮ

ಮಾತಾಡಬೇಕಾದ್ದನ್ನು ಬಿಟ್ಟು ಮನುಷ್ಯರು ಬೇರೆ ಏನೇನೋ ಮಾತಾಡುತ್ತಾರೆ. ಕಥೆಯ ಸಂಭಾಷಣೆಯಲ್ಲಿ ನನಗೆ ಬೇಕಾದದ್ದು ಆ ಬೇರೆ ಮಾತು. ಅದು ಎಷ್ಟು ಕಷ್ಟ ಅಂತ ಒಂದು ಕಥೆ ಬರೆಯುವಾಗ ಗೊತ್ತಾಯಿತು.

ಕಥೆ ಹಳೇ ಬಾಗಲಕೋಟೆಯದ್ದು. ಆಲಮಟ್ಟಿ ಹಿನ್ನೀರಿಗೆ ಮನೆ ಮುಳುಗಡೆ ಆಗುತ್ತದೆ. ನವನಗರಕ್ಕೆ ಹೋಗುವ ಮೊದಲು ಅಣ್ಣ ತಮ್ಮ ಇಬ್ಬರೂ ಸೇರಿ ತಲೆಬಾಗಿಲು ಕೀಳುತ್ತಿದ್ದಾರೆ. ಅಪ್ಪ ತೀರಿಕೊಂಡಾಗ ತಮ್ಮ ಬರಲಿಲ್ಲ. ಅಣ್ಣನ ಹೊಟ್ಟೆಯೊಳಗೆ ಆ ಸಿಟ್ಟು ಇನ್ನೂ ಇದೆ.

ಮೊದಲು ಹೀಗೆ ಬರೆದಿದ್ದೆ:

"ಅಪ್ಪ ಸಾಯೂ ಹೊತ್ತಿನ್ಯಾಗ ನೀ ಬರಲಿಲ್ಲ. ನನಗ ಭಾಳ ಸಿಟ್ಟೈತಿ."
"ತಪ್ಪಾತಣ್ಣಾ, ಕ್ಷಮಿಸು."

ಎರಡೇ ಸಾಲಿಗೆ ದೃಶ್ಯ ಮುಗಿದು ಹೋಯಿತು. ನಮ್ಮ ಕಡೆ ಯಾವ ಅಣ್ಣ ತಮ್ಮನೂ ಹೀಗೆ ಮಾತಾಡುವುದಿಲ್ಲ, ಅಲ್ವಾ? ಆಮೇಲೆ ಒಂದು ಕಟ್ಟು ಹಾಕಿಕೊಂಡೆ: ಬಾಗಿಲು ಬಿಟ್ಟು ಬೇರೆ ಯಾವುದರ ಬಗ್ಗೆಯೂ ಅವರು ಮಾತಾಡಬಾರದು.

"ಬಾಗಲಾ ನೀನ ತುಗೊಂಡು ಹೋಗು."
"ನನ್ನ ಮನಿಗೆ ಇದು ದೊಡ್ಡದಾಗ್ತೈತಣ್ಣಾ."
"ಅಪ್ಪ ಎಣ್ಣಿ ಹಚ್ಚಿದ್ದ."
"ಯಾವಾಗ?"
"ದೀಪಾವಳಿಗೆ. ನಿನಗ ರಜಾ ಇರಲಿಲ್ಲ."
"...ಉಳಿ ಎಲ್ಲೈತಿ? ಕೊಡಿಲ್ಲೆ."

"ನಿನಗ ರಜಾ ಇರಲಿಲ್ಲ" ಅನ್ನುವುದರಲ್ಲಿ ಒಂದು ಬೈಗುಳವೂ ಇಲ್ಲ. ತಮ್ಮನ ಪರವಾಗಿ ಅಣ್ಣನೇ ನೆಪ ಹೇಳುತ್ತಿದ್ದಾನೆ. ಏಟು ಬೀಳುವುದು ಅದಕ್ಕೇ. ತಮ್ಮ ಅದಕ್ಕೆ ಉತ್ತರ ಕೊಡದೆ ಉಳಿ ಕೇಳುತ್ತಾನೆ. ಮಾತು ಹೀಗೆ ಜಾರಿದ ಕಡೆ ನೋವು ಇರುತ್ತದೆ. ಪ್ರಶ್ನೆಗೆಲ್ಲ ನೇರ ಉತ್ತರ ಬರುತ್ತಿದ್ದರೆ ನನ್ನ ಸಂಭಾಷಣೆ ಕೆಟ್ಟಿದೆ ಅಂತ ನಾನು ತಿಳಿಯುತ್ತೇನೆ.

ಆದರೂ ಎರಡು ಕಡೆ ಎಡವಿದೆ. ಒಂದು, ರಜೆಯ ಮಾತಿನ ಪಕ್ಕ "ಅಣ್ಣ ಚುಚ್ಚಿದ" ಅಂತ ಬರೆದಿದ್ದೆ. ಮುಚ್ಚಿಟ್ಟದ್ದನ್ನು ನಾನೇ ತೆರೆದು ತೋರಿಸಿದ ಹಾಗಾಯಿತು. ಹೊಡೆದು ಹಾಕಿದೆ. ಇನ್ನೊಂದು ಅದಕ್ಕಿಂತ ದೊಡ್ಡದು. ಕಥೆ ಓದಿದ ಗೆಳೆಯ "ಬಾಗಿಲಿಗೆ ಯಾಕಿಷ್ಟು ಜಗಳ?" ಅಂದ. ಅವನಿಗೆ ಹಿಂದಿನ ಸಂಗತಿ ಗೊತ್ತೇ ಆಗಿರಲಿಲ್ಲ. ಪಾತ್ರಗಳು ಮುಚ್ಚಿಡಬೇಕು ನಿಜ, ಆದರೆ ಓದುಗನಿಗೆ ಅದು ಮೊದಲೇ ಗೊತ್ತಿರಬೇಕು. ಇಲ್ಲದಿದ್ದರೆ ಅದು ಸುಮ್ನೆ ಒಗಟು. ಹಾಗಾಗಿ ಒಂದು ಪುಟ ಹಿಂದೆ ಸರಳವಾಗಿ ಒಂದು ಸಾಲು ಸೇರಿಸಿದೆ: "ಅಪ್ಪನ ಮಣ್ಣಾದ ಮರುದಿನ ತಮ್ಮ ಬಂದ." ಅಷ್ಟೇ. ಅದಾದ ಮೇಲೆ ಎಣ್ಣೆಯ ಮಾತೂ ಭಾರವಾಯಿತು.

ಕೊನೆಯಲ್ಲಿ ಅಣ್ಣ ಕ್ಷಮಿಸಬೇಕಿತ್ತು. "ಹೋಗ್ಲಿ ಬಿಡು ತಮ್ಮಾ" ಅಂತ ಬರೆದು ಮೂರು ಸಲ ಅಳಿಸಿದೆ. ಈಗ ಬಾಗಿಲು ಟ್ರ್ಯಾಕ್ಟರ್ ಏರಿದ ಮೇಲೆ ಅವನು ಹೇಳುವುದು ಇಷ್ಟೇ:

"ಮಳಿಗಾಲಕ್ಕ ಮೊದಲ ಎಣ್ಣಿ ಹಚ್ಚು. ನಾನೂ ಬರ್ತೀನಿ."